ಆರನೇ ತರಗತಿ, 34 ಮಕ್ಕಳು: ಪ್ರತಿಭಾನ್ವಿತ ಮಗು ಯಾವುದು ಅಂತ ಗುರುತಿಸೋದು ಹೇಗೆ? (ಟರ್ಮ್ ಪೇಪರ್‌ಗೆ ಸಲಹೆ ಬೇಕು)

ಕಪ್ಪುಹಲಗೆ:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಎರಡನೇ ವರ್ಷದ ವಿದ್ಯಾರ್ಥಿನಿ. ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದೀನಿ, ಆರನೇ ತರಗತಿಗೆ ಗಣಿತ ತಗೊಳ್ತೀನಿ. ಟರ್ಮ್ ಪೇಪರ್‌ಗೆ ನಾನು ಆರಿಸಿಕೊಂಡ ವಿಷಯ, ಸಾಮಾನ್ಯ ತರಗತಿಯಲ್ಲಿ ಪ್ರತಿಭಾನ್ವಿತ ಮಕ್ಕಳ ಗುರುತಿಸುವಿಕೆ ಮತ್ತು ಸಮೃದ್ಧೀಕರಣ ವಿಧಾನಗಳು.

ಪುಸ್ತಕ ನೋಡಿ ಹನ್ನೆರಡು ಪುಟ ಬರೆದೆ. ಲಕ್ಷಣಗಳು, ವಿಧಗಳು, ಅನುಕೂಲ, ಅನಾನುಕೂಲ ಎಲ್ಲ ಇದೆ. ಆದರೆ ತರಗತಿಗೆ ಹೋಗಿ ನಿಂತರೆ ಆ ಹನ್ನೆರಡು ಪುಟದಲ್ಲಿ ಒಂದು ಸಾಲೂ ಕೈಗೆ ಬರಲಿಲ್ಲ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದಾನೆ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಕೂಗ್ತಾನೆ, ಆಮೇಲೆ ಪಕ್ಕದವನ ಪೆನ್ಸಿಲ್ ಕಿತ್ಕೊಂಡು ಕೂರ್ತಾನೆ. ಇವನೇ ಪ್ರತಿಭಾನ್ವಿತ ಅಂದ್ಕೊಂಡು ದಿನಾ ಇಪ್ಪತ್ತು ಲೆಕ್ಕ ಜಾಸ್ತಿ ಕೊಟ್ಟೆ. ಎರಡು ದಿನ ಮಾಡಿದ. ಮೂರನೇ ದಿನ ಅರ್ಧಕ್ಕೆ ನಿಲ್ಲಿಸಿ, "ಬೇಗ ಮಾಡಿದ್ರೆ ನನಗೊಬ್ಬನಿಗೇ ಯಾಕ್ ಮಿಸ್ ಜಾಸ್ತಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ವಾರ ಭಿನ್ನರಾಶಿ ಶುರುವಾಗುತ್ತೆ. ಏನು ಮಾಡಲಿ? ತರಗತಿಯಲ್ಲಿ ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಹೇಳಿ.

ರಾಜು ತುಮಕೂರು:

ಮೊದಲು ಐಕ್ಯೂ ಟೆಸ್ಟ್ ಮಾಡಿಸಿ. ಮನಶ್ಶಾಸ್ತ್ರಜ್ಞ ಟರ್ಮನ್ ಅಮೆರಿಕದಲ್ಲಿ 1921ರಲ್ಲಿ ಪ್ರತಿಭಾನ್ವಿತ ಮಕ್ಕಳ ಅಧ್ಯಯನ ಶುರು ಮಾಡಿದಾಗ ಸುಮಾರು 140 ಅಂತ ಗೆರೆ ಹಾಕಿಕೊಂಡಿದ್ದರು. ಗೆರೆ ಇಲ್ಲದಿದ್ದರೆ ಎಲ್ಲರ ಮಗುವೂ ಪ್ರತಿಭಾನ್ವಿತವೇ. ಟೀಚರ್ ಕಣ್ಣಂದಾಜಿಗೆ ಬಿಟ್ಟರೆ ಏನಾಗುತ್ತೆ ಗೊತ್ತಾ? ಅಕ್ಷರ ದುಂಡಗಿರೋ, ಮೊದಲ ಬೆಂಚಲ್ಲಿ ಕೂರೋ, ಕೈ ಎತ್ತೋ ಮಕ್ಕಳೇ ಪಟ್ಟಿಗೆ ಬರ್ತಾರೆ. ಟೆಸ್ಟ್ ಆದರೆ ಮುಖ ನೋಡಲ್ಲ. ಪರೀಕ್ಷೆ ದುಬಾರಿ ಅನಿಸಿದರೆ ಕಳೆದ ವರ್ಷದ ಅಂಕಪಟ್ಟಿ ತೆಗೆದು ಮೊದಲ ಮೂವರನ್ನು ಆರಿಸಿ.

ಗಣಿತದಕ್ಕೋರು:

ರಾಜು ಅವರ ಒಂದು ಮಾತು ಪೂರ್ತಿ ಖರೆ ಅದ. ಬರೇ ಶಿಕ್ಷಕರ ಅಂದಾಜಿನ ಮ್ಯಾಲೆ ಹೋದ್ರ ಮುಂದಿನ ಬೆಂಚಿನ ಹುಡುಗ್ರಷ್ಟ ಸಿಗ್ತಾವು. ಮೂವತ್ತೊಂದು ವರ್ಷ ಕಲಿಸೀನಿ, ನಾನೂ ಅದ ತಪ್ಪು ಮಾಡೀನಿ.

ಆದ್ರ ಆ 140ರ ಗೆರೆಯ ಕಥಿ ಪೂರ್ತಿ ಹೇಳಬೇಕ್ರಿ. ಟರ್ಮನ್ ಅವರ ತಂಡ ಕ್ಯಾಲಿಫೋರ್ನಿಯಾದಾಗ ಪರೀಕ್ಷೆ ಮಾಡಿ, ಅಂಕ ಸಾಲಲಿಲ್ಲ ಅಂತ ಕೈಬಿಟ್ಟ ಹುಡುಗ್ರೊಳಗ ಇಬ್ಬರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್. ಇಬ್ಬರಿಗೂ ಮುಂದ ಭೌತಶಾಸ್ತ್ರದ ನೊಬೆಲ್ ಬಂತು, 1956 ಮತ್ತು 1968ರಾಗ. ಗೆರೆಯೊಳಗ ಬಂದ ಸಾವಿರಕ್ಕೂ ಹೆಚ್ಚು ಮಂದಿಯೊಳಗ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕಪಟ್ಟಿಯ ಮೊದಲ ಮೂವರೂ ಹಂಗ. ಅವರು ಕಲಿಸಿದ್ದನ್ನ ಚಂದ ಕಲ್ತವರು. ನಿಮಗ ಬೇಕಾದವರು ಕಲಿಸೋಕಿಂತ ಮೊದಲ ಬರುವವರು. ಇಬ್ಬರೂ ಒಬ್ಬರ ಇರಬಹುದು, ಇಲ್ಲದನೂ ಇರಬಹುದು.

ತಂಗಿ, ನಿನಗ ಒಂದು ಕೆಲಸ ಹೇಳ್ತೀನಿ. "ಪ್ರತಿಭಾನ್ವಿತ ಯಾರು" ಅನ್ನೋ ಪ್ರಶ್ನಿ ಸದ್ಯ ಬಿಟ್ಟುಬಿಡು. "ಈ ಪಾಠ ಯಾರಿಗೆ ಆಗಲೇ ಬರ್ತದ" ಅಂತ ಕೇಳು. ಅದಕ್ಕ ಉತ್ತರ ಹದಿನೈದು ನಿಮಿಷದಾಗ ಸಿಗ್ತದ. ಪಾಠ ಶುರು ಮಾಡೋಕಿಂತ ಮೊದಲ, ಆ ಪಾಠದ ಕೊನೆಯ ಅಭ್ಯಾಸದಾಗಿನ ಕಠಿಣ ಲೆಕ್ಕದಂಥವು ಐದು ತಗೋ. ಎಲ್ಲರಿಗೂ ಕೊಡು, ಅಂಕ ಇಲ್ಲ, ಬರದಿದ್ರೂ ಪರವಾಗಿಲ್ಲ ಅಂತ ಮೊದಲ ಹೇಳು. ಐದರಾಗ ನಾಲ್ಕು ಸರಿ ಮಾಡಿದವರಿಗೆ ಆ ಪಾಠದ ಅಭ್ಯಾಸದ ಲೆಕ್ಕ ಬ್ಯಾಡ. ಸೂಸನ್ ವೈನ್‌ಬ್ರೆನ್ನರ್ ಅನ್ನೋ ಶಿಕ್ಷಕಿ "ಕಠಿಣದ್ದು ಮೊದಲು" ಅಂತ ಬಳಕೆಗೆ ತಂದ ಪದ್ಧತಿ ಇದು. ಯಾರನ್ನೂ ನೀ ಆರಿಸೋದಿಲ್ಲ, ಪಟ್ಟಿ ಗೋಡೆಗೆ ಹಚ್ಚೋದಿಲ್ಲ. ಮುಂದಿನ ಪಾಠಕ್ಕ ಮತ್ತ ಎಲ್ಲರಿಗೂ ಐದು ಲೆಕ್ಕ. ಭಿನ್ನರಾಶಿಯಾಗ ಬಂದ ಮಗು ರೇಖಾಗಣಿತದಾಗ ಬರದೇ ಇರಬಹುದು.

ಇನ್ನ ಆ ಹುಡುಗನ ಪ್ರಶ್ನಿ. ಅವ ಕೇಳಿದ್ದು ಬರೋಬರಿ ಅದ. ಇಪ್ಪತ್ತು ಜಾಸ್ತಿ ಲೆಕ್ಕ ಅಂದ್ರ ಬಂದಿದ್ದಕ್ಕ ಶಿಕ್ಷೆ ಕೊಟ್ಟಂಗ. ಮೊದಲು ಕಳಿಬೇಕು, ಆಮ್ಯಾಲೆ ಕೂಡಿಸಬೇಕು. ಅಮೆರಿಕದ ಶಿಕ್ಷಣ ಸಂಶೋಧಕರು ರೆಂಜುಲ್ಲಿ ಮತ್ತು ಸ್ಯಾಲಿ ರೀಸ್ ಪಠ್ಯ ಸಂಕ್ಷೇಪ ಅಂತ ಹೇಳೋದು ಇದನ್ನ. ರೀಸ್ ಮತ್ತು ಜೊತೆಯವರು 1993ರ ವರದಿಯೊಳಗ ತೋರಿಸಿದ್ರು, ಮುಂದಿರುವ ಮಕ್ಕಳಿಗೆ ಕೆಲವು ವಿಷಯದ 40ರಿಂದ 50 ಪ್ರತಿಶತ ಪಾಠ ತಗದ್ರೂ ಪರೀಕ್ಷೆ ಅಂಕ ಕಡಿಮಿ ಆಗಲಿಲ್ಲ. ಆದ್ರ ಅದ ವರದಿಯೊಳಗ ಇನ್ನೊಂದು ಮಾತದ, ಅದನ್ನ ನಿನ್ನ ಪೇಪರಿನ್ಯಾಗ ತಪ್ಪದ ಬರಿ. ಪಾಠ ತಗಿಯೋದು ಶಿಕ್ಷಕರಿಗೆ ಸುಲಭ ಆತು, ತಗದ ಜಾಗಾದಾಗ ತೂಕದ್ದೇನರ ಇಡೋದು ಕಷ್ಟ ಆತು. ಸೋಲೋದು ಅಲ್ಲೇ.

ಚಿನ್ನುವಿನ ಅಮ್ಮ:

ನನ್ನ ಮಗ ಎರಡನೇ ಕ್ಲಾಸ್, 18ರ ಮಗ್ಗಿ ತನಕ ಹೇಳ್ತಾನೆ, ಧ್ವಜ ನೋಡಿ ಎಲ್ಲಾ ದೇಶದ ರಾಜಧಾನಿ ಹೇಳ್ತಾನೆ. ಶಾಲೆಯಲ್ಲಿ ಡಬಲ್ ಪ್ರಮೋಷನ್ ಕೇಳಿದ್ದಕ್ಕೆ ಆಗಲ್ಲ ಅಂದರು. ಅಕ್ಕೋರೇ, ಈ ಐದು ಲೆಕ್ಕದ ಟೆಸ್ಟ್ ಮೂರನೇ ಕ್ಲಾಸಿನದ್ದು ಕೊಡ್ತೀರಾ? ಅವನು ಪಾಸಾದರೆ ಶಾಲೆಗೆ ತೋರಿಸಬಹುದು.

ಗಣಿತದಕ್ಕೋರು:

ತಾಯಿ, ಇದು ಒಂದು ಪಾಠದ ಅಭ್ಯಾಸ ಬಿಡಿಸಬೇಕೋ ಬ್ಯಾಡೋ ಅಂತ ನೋಡೋ ಪರೀಕ್ಷೆ. ತರಗತಿ ಹಾರಿಸೋಕ ಇದರಿಂದ ಏನೂ ತಿಳಿಯೋದಿಲ್ಲ. ಮಗ್ಗಿ ಬರೋದು ನೆನಪಿನ ಶಕ್ತಿ, ಸಂತೋಷದ ವಿಷಯ. ನೀವು ಮನ್ಯಾಗ ಒಂದು ನೋಡ್ರಿ: 18 ಏಳಲೆ 126 ಅಂತ ಹೇಳ್ದ ಮ್ಯಾಲೆ, 19 ಏಳಲೆ ಎಷ್ಟು ಅಂತ ಕೇಳ್ರಿ. ಅದು ಅವನಿಗೆ ಬಾಯಿಪಾಠ ಇಲ್ಲ. ಏಳು ಕೂಡಿಸಿ 133 ಅಂದ್ರ ಮಗ್ಗಿಯ ಒಳಗ ಏನದ ಅಂತ ಅವನಿಗೆ ಕಂಡದ ಅಂತ ಅರ್ಥ. ಅನ್ನದಿದ್ರ ಗಾಬರಿ ಬ್ಯಾಡ, ಸಣ್ಣವ ಇದ್ದಾನ.

ಏಕೋಪಾಧ್ಯಾಯ:

ಬೇಸರ ಮಾಡ್ಕೋಬೇಡಿ, ಸ್ವಲ್ಪ ನೇರವಾಗಿ ಹೇಳ್ತೀನಿ. ನಾನು ಒಬ್ಬನೇ ಐದು ತರಗತಿ ನೋಡ್ಕೊಳ್ಳೋ ಮೇಷ್ಟ್ರು. ನಾಲ್ಕನೇ ತರಗತಿಯ ಒಂಬತ್ತು ಮಕ್ಕಳಲ್ಲಿ ನಾಲ್ವರಿಗೆ ಒತ್ತಕ್ಷರ ಓದಕ್ಕೆ ಬರಲ್ಲ. ನನ್ನ ಹತ್ತಿರ ಇರೋ ಸಮಯ ಅವರದ್ದು. ಬರುವ ಮಗು ಹೇಗೋ ದಾರಿ ನೋಡ್ಕೊಳ್ಳುತ್ತೆ.

ಇನ್ನೊಂದು. ಇದೇನು ಹೊಸದಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ ಕಲಿಯಲ್ಲಿ ಇದೆಲ್ಲ ಇತ್ತು. ಕಲಿಕಾ ಏಣಿ, ಕಾರ್ಡು, ಮಗು ತನ್ನ ವೇಗದಲ್ಲಿ ಹತ್ತುತ್ತೆ, ಎಲ್ಲರೂ ಒಂದೇ ಪುಟದಲ್ಲಿ ಇರಬೇಕು ಅಂತಿಲ್ಲ.

ಕಪ್ಪುಹಲಗೆ:

ಸರ್, ನಲಿ ಕಲಿ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ, ಪೇಪರಿಗೆ ಸೇರಿಸ್ತೀನಿ. ಆದರೆ ಅದು ಮೂರನೇ ತರಗತಿಗೆ ಮುಗಿಯುತ್ತಲ್ವಾ? ಮೂರು ವರ್ಷ ತನ್ನ ವೇಗದಲ್ಲಿ ಏಣಿ ಹತ್ತಿದ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರ ಜೊತೆ ಒಂದೇ ಪುಟ, ಒಂದೇ ಲೆಕ್ಕ. ನನ್ನ ಆರನೇ ತರಗತಿ ಹುಡುಗನ ಪೆನ್ಸಿಲ್ ಗಲಾಟೆ ಅಲ್ಲಿಂದಲೇ ಶುರುವಾಗಿರಬಹುದಾ?

ಏಕೋಪಾಧ್ಯಾಯ:

ಇರಬಹುದು. ನಾಲ್ಕಕ್ಕೆ ಬಂದಾಗ ಮಂಕಾಗುವ ಮಕ್ಕಳನ್ನು ನಾನೂ ಕಂಡಿದ್ದೀನಿ. ಆದರೂ ಒತ್ತಕ್ಷರ ಬಾರದ ನಾಲ್ವರನ್ನು ಬಿಟ್ಟು ಅವರ ಹತ್ತಿರ ಹೋಗಿ ಕೂರೋದು ನನ್ನ ಕೈಲಿ ಆಗಲ್ಲ.

ಹಳೇ ಬೆಂಚು:

ನಾನು ಶಿಕ್ಷಕನಲ್ಲ. "ಬರುವ ಮಗು ದಾರಿ ನೋಡ್ಕೊಳ್ಳುತ್ತೆ" ಅಂದಿದ್ದಕ್ಕೆ ಮಾತ್ರ ಒಂದು ಮಾತು. ನಾನು ಐದರಿಂದ ಏಳರವರೆಗೆ ಮುಂದಿದ್ದ ಮಗು. ನನ್ನ ಲೆಕ್ಕ ಬೇಗ ಮುಗಿಯುತ್ತೆ ಅಂತ ಮೇಷ್ಟ್ರು ನನ್ನನ್ನು ಉಳಿದವರ ಪುಸ್ತಕ ತಿದ್ದೋಕೆ ಕೂರಿಸ್ತಿದ್ದರು. ಒಳ್ಳೆ ಮನಸ್ಸಿನಿಂದಲೇ. ಆದರೆ ಮೂರು ವರ್ಷ ನಾನು ಗಣಿತದಲ್ಲಿ ಒಂದು ಸಲವೂ ಒದ್ದಾಡಲಿಲ್ಲ. ತಪ್ಪಾಗೋದು ಅಂದರೆ ಏನು ಅಂತ ಗೊತ್ತಾಗಲಿಲ್ಲ. ಪಿಯುಸಿಯಲ್ಲಿ ಮೊದಲ ಬಾರಿ ಒಂದು ಲೆಕ್ಕ ಎರಡು ದಿನ ಬಿಡಿಸಕ್ಕಾಗದೆ ಹೋದಾಗ, ನನಗೆ ಗಣಿತ ಬರಲ್ಲ ಅಂತ ತೀರ್ಮಾನ ಮಾಡಿ ವಿಜ್ಞಾನವನ್ನೇ ಬಿಟ್ಟೆ. ಆ ಲೆಕ್ಕ ಎಲ್ಲರಿಗೂ ಕಷ್ಟವಾಗಿತ್ತು ಅಂತ ತಿಳಿದದ್ದು ವರ್ಷಗಳ ಮೇಲೆ. ದಾರಿ ನೋಡ್ಕೊಳ್ಳದವರೂ ಇದ್ದಾರೆ ಸರ್.

ರಾಜು ತುಮಕೂರು:

ಹಳೇ ಬೆಂಚು ಅವರ ಮಾತು ತಟ್ಟಿತು. ಆದರೆ ಅಕ್ಕೋರೇ, ಐದು ಲೆಕ್ಕದ ಪರೀಕ್ಷೆಯೂ ಟೆಸ್ಟೇ ಅಲ್ಲವಾ? ನನ್ನ ಐಕ್ಯೂಗೂ ಅದಕ್ಕೂ ಏನು ವ್ಯತ್ಯಾಸ? ಅಲ್ಲೂ ಒಂದು ಗೆರೆ, ನಾಲ್ಕು ಅಂತ.

ಗಣಿತದಕ್ಕೋರು:

ಗೆರೆ ಅದ, ಒಪ್ಪಿದೆ. ಆದ್ರ ನಿಮ್ಮ ಗೆರೆ ಮಗುವಿನ ಮ್ಯಾಲೆ ವರ್ಷಗಟ್ಟಲೆ ಕೂಡ್ತದ. ನಂದು ಒಂದು ಪಾಠ ಮುಗಿಯೂತನಕ. ಇನ್ನೊಂದು, ಉತ್ತರ ತಿದ್ದಿದ ಮ್ಯಾಲೆ ಮಗುವಿನ ಹತ್ರ ಕುಂತು "ಹೆಂಗ ಮಾಡ್ದಿ?" ಅಂತ ಕೇಳಬೇಕು. ಸರಿ ಬಂದವರನ್ನಷ್ಟ ಅಲ್ಲ, ವಿಚಿತ್ರ ತಪ್ಪು ಮಾಡಿದವರನ್ನೂ.

ಕಪ್ಪುಹಲಗೆ (ಎಂಟು ದಿನದ ನಂತರ):

ಅಕ್ಕೋರೇ, ಮಾಡಿದೆ. ಉದ್ದ ಬರೀತಿದ್ದೀನಿ, ಕ್ಷಮಿಸಿ.

ಐದು ಲೆಕ್ಕದಲ್ಲಿ ಮೂರು ಇವು. ಒಂದು: ಛೇದ ಸಮ ಮಾಡದೆ 7/8 ಮತ್ತು 8/9ರಲ್ಲಿ ಯಾವುದು ದೊಡ್ಡದು ಅಂತ ಹೇಳಿ, ಕಾರಣ ಕೊಡಿ. ಎರಡು: 4 1/6ರಿಂದ 1 3/4 ಕಳೆಯಿರಿ. ಮೂರು: 3/5 ಮತ್ತು 2/3ರ ನಡುವೆ ಬರುವ ಒಂದು ಭಿನ್ನರಾಶಿ ಬರೆಯಿರಿ.

ಪೆನ್ಸಿಲ್ ಕಿತ್ಕೊಳ್ಳೋ ಹುಡುಗನಿಗೆ ಐದರಲ್ಲಿ ಮೂರು ಬಂತು. ಲ.ಸಾ.ಅ. ತೆಗೆದು ಮಾಡುವುದೆಲ್ಲ ಸರಿ, ಮಿಂಚಿನ ವೇಗ. "ಕಾರಣ ಕೊಡಿ" ಅನ್ನುವಲ್ಲಿ ಖಾಲಿ ಬಿಟ್ಟಿದ್ದ. 34 ಮಕ್ಕಳಲ್ಲಿ ಇಬ್ಬರಿಗೆ ನಾಲ್ಕು ಬಂತು. ಅವರು ಯಾರೂ ನಾನು ಅಂದುಕೊಂಡವರಲ್ಲ.

ನಿಮ್ಮ ಕೊನೆಯ ಮಾತು ನೆನಪಿಟ್ಟುಕೊಂಡಿದ್ದಕ್ಕೆ ಮೂರನೆಯವಳು ಸಿಕ್ಕಿದಳು. ನಡುವೆ ಬರುವ ಭಿನ್ನರಾಶಿಗೆ ಇಬ್ಬರು 5/8 ಅಂತ ಬರೆದಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸೋದು ಮಾಮೂಲಿ ತಪ್ಪು ಅಂತ ಇಬ್ಬರದ್ದಕ್ಕೂ ಕೆಂಪು ಗೀಟು ಹಾಕಿಬಿಟ್ಟಿದ್ದೆ. ಮನೆಗೆ ಬಂದು ನೋಡಿದರೆ 5/8 ನಿಜವಾಗಿಯೂ ನಡುವೆಯೇ ಬರುತ್ತೆ! ಮರುದಿನ ಇಬ್ಬರನ್ನೂ ಬೇರೆ ಬೇರೆ ಕೇಳಿದೆ. ಹುಡುಗ, "ಎರಡೂ ಕೂಡಿಸಿದೆ ಮಿಸ್" ಅಂದ. 3/5 + 2/3 ಎಷ್ಟು ಅಂತ ಕೇಳಿದರೂ 5/8 ಅಂದ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಒಂದು ಪಂಕ್ತೀಲಿ ಮೂರು ರೊಟ್ಟಿ ಐದು ಜನಕ್ಕೆ. ಇನ್ನೊಂದು ಪಂಕ್ತೀಲಿ ಎರಡು ರೊಟ್ಟಿ ಮೂರು ಜನಕ್ಕೆ. ಎರಡೂ ಪಂಕ್ತಿ ಒಟ್ಟಿಗೆ ಕೂರಿಸಿ ಹಂಚಿದ್ರೆ ಕಮ್ಮಿ ಸಿಗ್ತಿದ್ದೋರಿಗೆ ಸ್ವಲ್ಪ ಜಾಸ್ತಿ ಆಗುತ್ತೆ, ಜಾಸ್ತಿ ಸಿಗ್ತಿದ್ದೋರಿಗೆ ಸ್ವಲ್ಪ ಕಮ್ಮಿ ಆಗುತ್ತೆ. ಹಂಗಾಗಿ ನಡುವೆ." 3/5 + 2/3 ಎಷ್ಟು ಅಂದೆ. "ಅದು ಬೇರೆ ಲೆಕ್ಕ ಮಿಸ್, ಅದು 19/15" ಅಂದಳು.

ಇವಳ ನೋಟ್ಸ್ ಅರ್ಧಂಬರ್ಧ. ಸಂತೆ ದಿನ ಅಮ್ಮನ ಜೊತೆ ತರಕಾರಿ ಮಾರೋಕೆ ಹೋಗ್ತಾಳೆ, ಶಾಲೆಗೆ ಬರಲ್ಲ. ಕಳೆದ ವರ್ಷದ ಅಂಕದಲ್ಲಿ ನಡುವೆ ಎಲ್ಲೋ ಇದ್ದಾಳೆ. ನಾನು ಹಾಕಿದ್ದ ಕೆಂಪು ಗೀಟನ್ನು ಅವಳೆದುರೇ ಹೊಡೆದು ಹಾಕಿ ಸರಿ ಗುರುತು ಹಾಕಿದೆ. ಅಲ್ಲಿಗೆ ಅವಳಿಗೂ ನಾಲ್ಕಾಯಿತು.

ತಪ್ಪಾಗಿದ್ದು ಕಳೆಯುವ ಲೆಕ್ಕ. 3 7/12 ಅಂತ ಬರೆದಿದ್ದಳು. ನಾಲ್ಕರಲ್ಲಿ ಒಂದು ಕಳೆದು ಮೂರು, ಮುಕ್ಕಾಲರಲ್ಲಿ ಆರನೇ ಒಂದು ಭಾಗ ಕಳೆದು 7/12. ದೊಡ್ಡದರಲ್ಲಿ ಚಿಕ್ಕದು ಕಳೆಯೋ ಅಭ್ಯಾಸ. ಉತ್ತರ 2 5/12 ಬರಬೇಕಿತ್ತು. ಈಗ ಇವಳಿಗೆ ಪಾಠ ಬಿಡಿಸಬೇಕಾ ಬೇಡ್ವಾ?

ಗಣಿತದಕ್ಕೋರು:

ತಂಗಿ, ನಿನ್ನ ಟರ್ಮ್ ಪೇಪರು ಬರದು ಮುಗೀತು ಅಂತ ತಿಳಿ. ಆ ರೊಟ್ಟಿ ಪಂಕ್ತಿ ಓದಿ ನಾ ಎದ್ದು ಅಡಗಿಮನಿಗೆ ಹೋಗಿ ನನ್ನ ಸೊಸಿಗೂ ಹೇಳಿ ಬಂದೆ.

ಕಳಿಯೋ ದಿನ ಅಕಿ ಎಲ್ಲರ ಜೊತಿ ಕುಂಡ್ರಬೇಕು. ಬರೋದನ್ನಷ್ಟ ಬಿಡಿಸಬೇಕು, ಬರದ್ದನ್ನ ಬಿಡಿಸಿದ್ರ ಅದು ಮುಂದಿನ ವರ್ಷ ತೂತಾಗ್ತದ. ಒಂದು ಹಾಳಿಯಾಗ ಮೂರು ಕಾಲಂ ಹಾಕು: ಈ ಪಾಠದಾಗ ಏನು ಬರ್ತದ, ಬರ್ತದ ಅಂತ ಹೆಂಗ ಗೊತ್ತಾತು, ಬಿಡಿಸಿದ ಹೊತ್ತಿನ್ಯಾಗ ಏನು ಮಾಡ್ತಾಳ. ಒಂದು ಮಗುವಿಗೆ ಒಂದು ಹಾಳಿ. ಮುಖ್ಯ ಗುರುಗಳು "ಈ ಹುಡುಗಿ ಯಾಕ ಅಭ್ಯಾಸ ಮಾಡಿಲ್ಲ" ಅಂದ್ರ ಅದನ್ನ ತೋರಸು.

ಮೂರನೇ ಕಾಲಮಿಗೆ ಏನಿಡಬೇಕು ಅನ್ನೋದು ಮುಖ್ಯ. ಏಳನೇ ತರಗತಿ ಪುಸ್ತಕ ಕೊಡಬ್ಯಾಡ, ಮುಂದಿನ ವರ್ಷ ಮತ್ತ ಬ್ಯಾಸರ ಆಗ್ತದ. ಭಿನ್ನರಾಶಿಯೊಳಗ ಆಳಕ್ಕ ಒಯ್ಯಿ. ನಮ್ಮ ನೆಲದಾಗ ಇದಕ್ಕ ಒಂದು ಖಜಾನಿ ಅದ. ಒಂಬತ್ತನೇ ಶತಮಾನದಾಗ, ಅಮೋಘವರ್ಷ ನೃಪತುಂಗನ ಕಾಲಕ್ಕ, ಮಹಾವೀರಾಚಾರ್ಯ "ಗಣಿತಸಾರಸಂಗ್ರಹ" ಬರದ. ಅದರಾಗ ಒಂದನ್ನ, ಅಂಶ 1 ಇರುವ ಬ್ಯಾರೆ ಬ್ಯಾರೆ ಭಿನ್ನರಾಶಿಗಳಾಗಿ ಒಡಿಯೋ ಸೂತ್ರ ಅದ. ಮೂರು ತುಂಡು ಬೇಕಾದ್ರ 1/2 + 1/3 + 1/6. ನಾಲ್ಕು ಬೇಕಾದ್ರ 1/2 + 1/3 + 1/9 + 1/18. ಈ ಎರಡು ಸಾಲು ಕಾರ್ಡಿನ ಮ್ಯಾಲೆ ಬರದು ಮೂವರಿಗೂ ಕೊಡು. ಐದು ತುಂಡು ಮಾಡ್ರಿ ಅನ್ನು, ಸೂತ್ರ ಹೇಳಬ್ಯಾಡ. ಆಮ್ಯಾಲೆ 4/13 ಕೊಡು. ಒಂದೊಂದ ಸಲ ಹಿಡಿಸೋ ದೊಡ್ಡ ತುಂಡು ತಕ್ಕೊಂತ ಹೋದ್ರ 1/4 + 1/18 + 1/468 ಬರ್ತದ. ಅದು ಕಷ್ಟ ಅದ, ಎರಡು ಮೂರು ದಿನ ಒದ್ದಾಡಲಿ. ಹಳೇ ಬೆಂಚು ಅವರಿಗೆ ಸಿಗದೇ ಹೋದದ್ದು ಆ ಒದ್ದಾಟ.

ಏಕೋಪಾಧ್ಯಾಯ:

ಆ ಹುಡುಗಿಯ ವಿಷಯ ಓದಿ ಎರಡು ದಿನ ತಲೆಯಲ್ಲಿ ತಿರುಗ್ತಿತ್ತು. ನನ್ನ ಸಮಯದ ಲೆಕ್ಕ ಬದಲಾಗಿಲ್ಲ. ಆದರೆ ಒಂದು ಕೇಳ್ತೀನಿ: ಆ ಮೂವರು ಹಿಂದೆ ಕೂತು ಕಾರ್ಡ್ ಮಾಡುವಾಗ ನೀವು ಅವರಿಗೆ ಎಷ್ಟು ಹೊತ್ತು ಕೊಟ್ಟಿರಿ? ನಿಜವಾದ ಲೆಕ್ಕ ಹೇಳಿ.

ರಾಜು ತುಮಕೂರು:

ನನಗೂ ಒಂದು ಅನುಮಾನ. ಅವಳನ್ನು ಹಿಡಿದದ್ದು ಲೆಕ್ಕಕ್ಕಿಂತ ನೀವು ಹೋಗಿ ಕೇಳಿದ್ದು. 34 ಮಕ್ಕಳನ್ನೂ ಹಾಗೆ ಕೇಳೋಕೆ ಆಗುತ್ತಾ? ಕೇಳದೆ ಬಿಟ್ಟವರಲ್ಲಿ ಇನ್ನೆಷ್ಟು 5/8 ಇದ್ದವೋ.

ಕಪ್ಪುಹಲಗೆ:

ರಾಜು ಸರ್, ಆಗಲಿಲ್ಲ. ವಿಚಿತ್ರ ಉತ್ತರ ಬರೆದ ಹನ್ನೊಂದು ಜನರಲ್ಲಿ ಆರು ಜನರನ್ನು ಕೇಳಿದೆ, ಐದು ಜನ ಉಳಿದರು. ಪೇಪರಲ್ಲಿ ಇದನ್ನು ಹಾಗೇ ಬರೀತೀನಿ. ಬಿ.ಎಡ್.ನಲ್ಲಿ ಪ್ರತಿಭಾನ್ವಿತ ಮಕ್ಕಳ ಶಿಕ್ಷಣವನ್ನು ವಿಶೇಷ ವಿಷಯವಾಗಿ ಓದಲು ಅವಕಾಶ ಕೊಡಬಹುದು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತೆ. ಆ ಓದಿನಲ್ಲಿ ಲಕ್ಷಣಗಳ ಪಟ್ಟಿಗಿಂತ ಮೊದಲು, ಮಗುವಿನ ತಪ್ಪು ಉತ್ತರದ ಪಕ್ಕ ಕೂತು ಕೇಳುವುದನ್ನು ಕಲಿಸಬೇಕು ಅಂತ ಬರೆದಿದ್ದೀನಿ.

ಏಕೋಪಾಧ್ಯಾಯ ಸರ್, ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದೆ. ನಾಲ್ಕು ಪಿರಿಯಡ್‌ನಲ್ಲಿ ಅವರ ಹತ್ತಿರ ಕೂತಿದ್ದು ಒಟ್ಟು ಹದಿನಾಲ್ಕು ನಿಮಿಷ. ಆದರೆ ಕಾರ್ಡ್ ತಯಾರು ಮಾಡೋಕೆ, ನಾನು ಮೊದಲು ಬಿಡಿಸಿ ನೋಡೋಕೆ ಮನೆಯಲ್ಲಿ ಎರಡು ಸಂಜೆ ಹೋಯಿತು. ಐದು ತರಗತಿ ನೋಡುವ ನಿಮಗೆ ಆ ಎರಡು ಸಂಜೆ ಎಲ್ಲಿಂದ ಬರಬೇಕು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಕಾರ್ಡುಗಳನ್ನು ನಿಮಗೆ ಕಳಿಸಬಲ್ಲೆ.

ಅಕ್ಕೋರೇ, ಐದು ತುಂಡು ಮೂವರೂ ಸೇರಿ ಮಾಡಿದರು, 1/2 + 1/3 + 1/9 + 1/27 + 1/54. ಕೊನೆಯ ತುಂಡನ್ನು ಮಾತ್ರ ಮತ್ತೆ ಒಡೀಬೇಕು ಅಂತ ಕಂಡುಹಿಡಿದರು. ಪೆನ್ಸಿಲ್ ಹುಡುಗ ಮೂರನೇ ದಿನ ತಾನಾಗಿ ಬಂದು "ನಾನೂ ಕೂರ್ಲಾ ಮಿಸ್?" ಅಂದ. ಅವನಿಗೆ ಮೂರೇ ಬಂದಿತ್ತು, ನಿಯಮದ ಪ್ರಕಾರ ಬೇಡ ಅನ್ನಬೇಕಿತ್ತೇನೋ. ಕೂರಿಸಿಕೊಂಡೆ.

4/13 ಮಾತ್ರ ಎರಡು ದಿನ ಆಗಲಿಲ್ಲ. ಮಧ್ಯೆ ಸಂತೆ ದಿನ ಬಂತು, ಅವಳು ಶಾಲೆಗೆ ಬರಲಿಲ್ಲ. ಮರುದಿನ ಬಂದು ತರಕಾರಿ ಚೀಟಿಯ ಹಿಂದೆ ಬರೆದಿದ್ದನ್ನು ತೋರಿಸಿದಳು: 1/4 + 1/26 + 1/52. ನೀವು ಕೊಟ್ಟ ಉತ್ತರ ಅದಲ್ಲ. ನಾನು ಗಾಬರಿಯಾಗಿ ಅಲ್ಲೇ ಕೂತು ಕೂಡಿಸಿದೆ. 13, 2, 1 ಸೇರಿ 16, ಕೆಳಗೆ 52. ಸರಿಯಾಗಿದೆ. ಹೇಗೆ ಬಂತು ಅಂದರೆ, "4/13 ಅಂದ್ರೆ 16/52 ಅಲ್ವಾ, ಹದಿನಾರನ್ನ 52ನ್ನ ಭಾಗಿಸೋ ಸಂಖ್ಯೆಗಳಲ್ಲೇ ಒಡೆದೆ" ಅಂದಳು. ನಿಮ್ಮ 468ಕ್ಕಿಂತ ಇವಳ 52 ಚಿಕ್ಕದು. ಇದಕ್ಕಿಂತ ಚಿಕ್ಕ ಛೇದದಲ್ಲಿ ಮುಗಿಸೋಕೆ ಆಗುತ್ತಾ ಅಂತ ಈಗ ನಾಲ್ವರೂ ಹುಡುಕ್ತಿದ್ದಾರೆ. ನನಗೂ ಗೊತ್ತಿಲ್ಲ ಅಂತ ಅವರಿಗೆ ಹೇಳಿದ್ದೀನಿ.